ಇಡೀ ಕ್ಯಾಪಿಟಲ್ ಅಕ್ಷರದಲ್ಲಿರುವ ಹೊಣೆ ಮಿತಿ ಷರತ್ತು: ಅರ್ಥ ಕೆಡದ ಹಾಗೆ ಓದಿಸುವುದು ಹೇಗೆ?

ವಿನಯಾ

ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದಾಖಲೆ ಬರೆಯುವ ಕೆಲಸ ಮಾಡುತ್ತೇನೆ. ಗ್ರಾಹಕರ ಜೊತೆ ಮಾಡಿಕೊಳ್ಳುವ ಇಂಗ್ಲಿಷ್ ಒಪ್ಪಂದವನ್ನು ಓದಲು ಸುಲಭ ಮಾಡಿ ಎಂದು ನನಗೆ ಕೊಟ್ಟಿದ್ದಾರೆ. ಉಳಿದ ಭಾಗ ಹೇಗೋ ಆಗುತ್ತದೆ. ತೊಡಕಿರುವುದು 11ನೇ ಸೆಕ್ಷನ್‌ನಲ್ಲಿ, ಅಂದರೆ ಹೊಣೆಯ ಮಿತಿಯಲ್ಲಿ. ಅದು ಮುಕ್ಕಾಲು ಪುಟದ ಒಂದೇ ಪ್ಯಾರಾ. ಮೊದಲ ಅಕ್ಷರದಿಂದ ಕೊನೆಯವರೆಗೆ ಎಲ್ಲವೂ ಕ್ಯಾಪಿಟಲ್.

ಒಳಗೆ ನಾಲ್ಕು ವಾಕ್ಯಗಳಿವೆ. ಸಾರ ಹೀಗಿದೆ.

ಒಂದು: ಕಾನೂನು ಬಿಡುವಷ್ಟರ ಮಟ್ಟಿಗೆ, ಪರೋಕ್ಷ, ವಿಶೇಷ, ಪ್ರಾಸಂಗಿಕ ಅಥವಾ ಪರಿಣಾಮವಾಗಿ ಆಗುವ ನಷ್ಟಕ್ಕೆ ಕಂಪನಿಯಾಗಲಿ ಅದರ ಪೂರೈಕೆದಾರರಾಗಲಿ ಹೊಣೆಯಲ್ಲ, ಇದರಲ್ಲಿ ಕೈತಪ್ಪಿದ ಲಾಭ, ಕಳೆದುಹೋದ ಡೇಟಾ, ವ್ಯವಹಾರ ನಿಂತುಹೋಗುವುದು ಸೇರಿವೆ, ಹೀಗಾಗಬಹುದು ಎಂದು ಮೊದಲೇ ತಿಳಿಸಿದ್ದರೂ ಹೊಣೆಯಲ್ಲ.

ಎರಡು: ಕಂಪನಿಯ ಒಟ್ಟು ಹೊಣೆ, ಘಟನೆಗೆ ಹಿಂದಿನ 12 ತಿಂಗಳಲ್ಲಿ ಗ್ರಾಹಕರು ಕಟ್ಟಿದ ಶುಲ್ಕವನ್ನು ಮೀರುವುದಿಲ್ಲ.

ಮೂರು: ಮೇಲಿನ ಮಿತಿಗಳು 9ನೇ ಸೆಕ್ಷನ್‌ನ ನಷ್ಟಭರ್ತಿಗೆ, ಗೋಪ್ಯತೆ ಮುರಿದದ್ದಕ್ಕೆ, ಗ್ರಾಹಕರು ಕೊಡಬೇಕಾದ ಹಣಕ್ಕೆ ಅನ್ವಯಿಸುವುದಿಲ್ಲ.

ನಾಲ್ಕು: ಒಪ್ಪಂದದಲ್ಲಿ ಕೊಟ್ಟ ಪರಿಹಾರ ತನ್ನ ಮೂಲ ಉದ್ದೇಶ ಈಡೇರಿಸದೆ ಹೋದರೂ ಈ ಮಿತಿಗಳು ನಿಲ್ಲುತ್ತವೆ.

ಒಪ್ಪಂದಕ್ಕೆ ನ್ಯೂಯಾರ್ಕ್ ಕಾನೂನು ಅನ್ವಯ. ಮೇಲಿನವರ ಮಾತು ಒಂದೇ: ಓದುವ ಹಾಗಿರಲಿ, ಅರ್ಥ ಕೂದಲೆಳೆಯಷ್ಟೂ ಅಲುಗಬಾರದು. ಇದು ಆಗುವ ಕೆಲಸವೇ? ಆಗುವುದಾದರೆ ಎಲ್ಲಿಂದ ಶುರು ಮಾಡಲಿ?

ಪ್ರಸಾದ್ ಜಿ.

ಅದಕ್ಕೆ ಕೈ ಹಾಕಲೇಬೇಡಿ. ಸುಮ್ನೆ ಯಾರೋ ಕ್ಯಾಪ್ಸ್ ಲಾಕ್ ಒತ್ತಿ ಬಿಟ್ಟದ್ದಲ್ಲ ಅದು. ಅಮೆರಿಕದ ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಪ್ರಕಾರ ಇಂಥ ಷರತ್ತು ಎದ್ದು ಕಾಣಬೇಕು. ಕ್ಯಾಪಿಟಲ್ ತೆಗೆದರೆ ಕೋರ್ಟಿನಲ್ಲಿ ಷರತ್ತೇ ಬಿದ್ದುಹೋಗುತ್ತದೆ. ನಾನು ನೋಡಿದ ಒಪ್ಪಂದಗಳಲ್ಲೆಲ್ಲಾ ಹೀಗೇ ಇದೆ. ಅದಕ್ಕೆ ಕಾರಣ ಇರಲೇಬೇಕು ಅಲ್ವಾ?

ರಘುನಂದನ್

ಪ್ರಸಾದ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಅರ್ಧ ಮುಖ್ಯವೂ ಹೌದು. ಆದರೆ ಉಳಿದರ್ಧದಿಂದಲೇ ಇಷ್ಟು ವರ್ಷ ಈ ಪ್ಯಾರಾಗಳು ಹೀಗೆ ಉಳಿದುಕೊಂಡಿವೆ.

ಎದ್ದು ಕಾಣಬೇಕು ಎಂಬ ಮಾತು ಕೋಡಿನ 2-316ರಲ್ಲಿದೆ. ಅದು ಹೊಣೆಯ ಮಿತಿಯ ಬಗ್ಗೆ ಅಲ್ಲ, ವಾರಂಟಿ ಕೈಬಿಡುವುದರ ಬಗ್ಗೆ. ಸರಕು ಮಾರಾಟಕ್ಕೆ ತಕ್ಕ ಗುಣಮಟ್ಟದ್ದು ಎನ್ನುವ ಮರ್ಚೆಂಟಬಿಲಿಟಿ ವಾರಂಟಿ, ನಿರ್ದಿಷ್ಟ ಉದ್ದೇಶಕ್ಕೆ ಒದಗುತ್ತದೆ ಎನ್ನುವ ಫಿಟ್‌ನೆಸ್ ವಾರಂಟಿ, ಇವೆರಡನ್ನು ಬರಹದಲ್ಲಿ ಕೈಬಿಡುವಾಗ ಆ ಬರಹ ಎದ್ದು ಕಾಣಬೇಕು. ಹೊಣೆಯ ಮಿತಿ ಇರುವುದು 2-719ರಲ್ಲಿ. ಅಲ್ಲಿ ಆ ಮಾತೇ ಇಲ್ಲ. ಮಿತಿ ತೀರಾ ಅನ್ಯಾಯದ್ದಾಗಿರಬಾರದು ಎಂದಷ್ಟೇ ಇದೆ. ಒಪ್ಪಂದಗಳಲ್ಲಿ ಇವೆರಡೂ ಅಕ್ಕಪಕ್ಕ ಕೂರುತ್ತವೆ. ಹಾಗಾಗಿ ಒಂದಕ್ಕೆ ಹಾಕಿದ ಕ್ಯಾಪಿಟಲ್ ಇನ್ನೊಂದಕ್ಕೂ ಹಬ್ಬಿತು. ಇನ್ನೂ ಒಂದು ವಿಷಯ. ಕೋಡಿನ ಆ ಭಾಗ ಇರುವುದು ಸರಕಿಗೆ. ಚಂದಾ ಕಟ್ಟಿ ಬಳಸುವ ಕ್ಲೌಡ್ ಸೇವೆಗೆ ಅದು ಅನ್ವಯಿಸುತ್ತದೆಯೇ ಎಂಬ ಬಗ್ಗೆಯೇ ವಾದವಿದೆ.

ಹಾಗಂತ ಎದ್ದು ಕಾಣುವುದನ್ನೇ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಕೆಲವು ರಾಜ್ಯಗಳ ಕೋರ್ಟುಗಳು ಹೊಣೆ ಕಡಿಮೆ ಮಾಡುವ ಷರತ್ತಿಗೂ ಅದನ್ನೇ ಕೇಳುತ್ತವೆ. ಆದರೆ ಎದ್ದು ಕಾಣುವುದೆಂದರೆ ಕ್ಯಾಪಿಟಲ್ ಎಂದು ಎಲ್ಲೂ ಬರೆದಿಲ್ಲ. 1-201ರ ಹಳೆಯ ವ್ಯಾಖ್ಯೆಯಲ್ಲಿ ಕ್ಯಾಪಿಟಲ್ ಬರುವುದು ಶೀರ್ಷಿಕೆಯ ಉದಾಹರಣೆಯಾಗಿ. ಒಳಗಿನ ಪಠ್ಯಕ್ಕೆ ಹೇಳಿರುವುದು ದೊಡ್ಡ ಅಕ್ಷರ, ಬೇರೆ ಅಚ್ಚು, ಬೇರೆ ಬಣ್ಣ, ಇಲ್ಲವೇ ಸುತ್ತ ಗುರುತು ಹಾಕಿ ಬೇರ್ಪಡಿಸುವುದು. 2022ರ ತಿದ್ದುಪಡಿಯಲ್ಲಿ ಆ ಉದಾಹರಣೆಗಳನ್ನೂ ಕೈಬಿಟ್ಟು, ಒಟ್ಟು ಸನ್ನಿವೇಶ ನೋಡಿ ತೀರ್ಮಾನಿಸಿ ಎಂದಿದ್ದಾರೆ. ರಾಜ್ಯಗಳು ಅದನ್ನು ಒಂದೊಂದಾಗಿ ಒಪ್ಪಿಕೊಳ್ಳಬೇಕು. 2002ರಲ್ಲೇ 9ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಬಸೆಟ್ ಪ್ರಕರಣದಲ್ಲಿ ಇದನ್ನು ಖಾರವಾಗಿಯೇ ಹೇಳಿತು. ಕ್ಯಾಪ್ಸ್ ಲಾಕ್ ಒತ್ತಿದರೆ ಪಠ್ಯ ತಾನಾಗಿ ಎದ್ದು ಕಾಣುತ್ತದೆ ಎಂದು ನಂಬಿದ ವಕೀಲರು ಭ್ರಮೆಯಲ್ಲಿದ್ದಾರೆ ಎಂಬುದು ಅದರ ಧಾಟಿ.

ಹಾಗಾಗಿ ವಿನಯಾ ಅವರೇ, ಕ್ಯಾಪಿಟಲ್ ತೆಗೆಯಬಹುದು. ಅದರ ಜಾಗದಲ್ಲಿ ಎದ್ದು ಕಾಣಿಸುವ ಬೇರೆ ಏರ್ಪಾಡು ಇರಲೇಬೇಕು.

ಇಂದಿರಾ

ಕ್ಯಾಪಿಟಲ್ ಓದುಗರಿಗೆ ಏನು ಮಾಡುತ್ತದೆ ಎಂಬುದಕ್ಕೂ ಆಧಾರವಿದೆ. ಅರ್ಬೆಲ್ ಮತ್ತು ಟೋಲರ್ ಎಂಬಿಬ್ಬರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಕ್ಯಾಪಿಟಲ್‌ನಲ್ಲಿ ಓದಿದವರಿಗೆ ಷರತ್ತು ಹೆಚ್ಚು ತಿಳಿಯಲಿಲ್ಲ. ವಯಸ್ಸಾದವರಿಗಂತೂ ಅದರಿಂದ ತೊಂದರೆಯೇ ಆಯಿತು. ನಾನು ದಾಖಲೆಗಳ ವಿನ್ಯಾಸ ಮಾಡುವವಳು. ಇದು ಕಣ್ಣಿಗೇ ಕಾಣುತ್ತದೆ. ಸಣ್ಣ ಅಕ್ಷರಗಳಲ್ಲಿ ಕೆಲವು ಮೇಲೆ ಚಾಚುತ್ತವೆ, ಕೆಲವು ಕೆಳಗೆ ಇಳಿಯುತ್ತವೆ. ಕ್ಯಾಪಿಟಲ್‌ನಲ್ಲಿ ಎಲ್ಲವೂ ಒಂದೇ ಎತ್ತರ. ಪದಗಳ ಆಕಾರ ಹೋಗುತ್ತದೆ, ವಾಕ್ಯ ಎಲ್ಲಿ ಮುಗಿಯಿತು ಎಂಬುದೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಕ್ಯಾಪಿಟಲ್ ತೆಗೆದು ಇಡೀ ಪ್ಯಾರಾವನ್ನು ದಪ್ಪಕ್ಷರ ಮಾಡಬೇಡಿ. ಮುಕ್ಕಾಲು ಪುಟ ದಪ್ಪಕ್ಷರವೂ ಅಷ್ಟೇ ದಣಿಸುತ್ತದೆ. ಶೀರ್ಷಿಕೆ ದೊಡ್ಡದಾಗಿ ದಪ್ಪಕ್ಷರದಲ್ಲಿರಲಿ, ಪಠ್ಯ ಸುತ್ತಲಿನದಕ್ಕಿಂತ ಒಂದು ಪಾಯಿಂಟ್ ದೊಡ್ಡದಿರಲಿ, ಎಡಕ್ಕೆ ಗೆರೆ ಅಥವಾ ಸುತ್ತ ಚೌಕಟ್ಟು ಇರಲಿ. ನಾಲ್ಕು ವಾಕ್ಯ ನಾಲ್ಕು ಉಪವಿಭಾಗವಾಗಲಿ.

ಶಬಾನಾ

ನನಗೂ ಇದೇ ಸಮಸ್ಯೆ. ನಾನು ಸ್ವತಂತ್ರವಾಗಿ ಆ್ಯಪ್ ಮಾಡಿಕೊಡುತ್ತೇನೆ. ಗ್ರಾಹಕ ಕಂಪನಿಯೊಂದು ತನ್ನದೇ ಒಪ್ಪಂದ ಕಳಿಸಿದೆ. ಅದರಲ್ಲೂ ಎಲ್ಲಾ ಕ್ಯಾಪಿಟಲ್. ನನ್ನ ಹೊಣೆ ಕಡಿಮೆ ಆಗುವ ಹಾಗೆ ಅದನ್ನು ಹೇಗೆ ತಿದ್ದಿ ಬರೆಯಬೇಕು? ಮೊದಲ ವಾಕ್ಯ ಎರಡೂ ಕಡೆಯವರು ಎನ್ನುತ್ತದೆ. ಎರಡನೆಯದರಲ್ಲಿ ಗರಿಷ್ಠ ಮೊತ್ತದ ರಕ್ಷಣೆ ಗ್ರಾಹಕರಿಗೆ ಮಾತ್ರ ಇದ್ದ ಹಾಗಿದೆ. ಇದೀಗ ಇದನ್ನು ಬರೆಯುವಾಗಲೇ ಗಮನಕ್ಕೆ ಬಂತು.

ರಘುನಂದನ್

ಶಬಾನಾ ಅವರೇ, ನೀವು ಕೇಳುತ್ತಿರುವುದು ಬೇರೆ ಕೆಲಸ. ಅದು ಅರ್ಥವನ್ನೇ ಬದಲಿಸುವುದು. ಅದಕ್ಕೆ ಆ ಕಂಪನಿಯ ಜೊತೆ ಮಾತಾಡಬೇಕು. ಗರಿಷ್ಠ ಮೊತ್ತ ಎರಡೂ ಕಡೆಗೆ ಅನ್ವಯಿಸಲಿ ಎಂದು ನೇರವಾಗಿ ಕೇಳಿ. ಅಂಥ ಕೋರಿಕೆ ಅಸಾಮಾನ್ಯವೇನಲ್ಲ.

ಆದರೆ ನಿಮ್ಮ ಉದಾಹರಣೆ ವಿನಯಾ ಅವರಿಗೂ ಬೇಕಾದದ್ದು. ಅವರ ಷರತ್ತಿನಲ್ಲೂ ಒಂದನೇ ವಾಕ್ಯ ಕಂಪನಿ ಮತ್ತು ಪೂರೈಕೆದಾರರನ್ನು ಕಾಯುತ್ತದೆ. ಎರಡನೆಯದು ಕಂಪನಿಯನ್ನು ಮಾತ್ರ ಕಾಯುತ್ತದೆ. ವಾಕ್ಯ ಬಿಡಿಸಿದ ಕೂಡಲೇ ಇಂಥವು ಕಣ್ಣಿಗೆ ಹೊಡೆಯುತ್ತವೆ. ಪೂರೈಕೆದಾರರು ಎಂಬ ಪದವನ್ನು ಎರಡನೆಯದಕ್ಕೂ ಸೇರಿಸಿಬಿಡೋಣ ಅನಿಸುತ್ತದೆ. ಸೇರಿಸಬೇಡಿ. ಅದು ಮರೆವೋ ಬೇಕೆಂದೇ ಬಿಟ್ಟದ್ದೋ ನಿಮಗೆ ಗೊತ್ತಿಲ್ಲ. ಬೇರೆ ಹಾಳೆಯಲ್ಲಿ ಬರೆದಿಟ್ಟು ನಿಮ್ಮ ಕಾನೂನು ವಿಭಾಗಕ್ಕೆ ಕೊಡಿ. ಓದಿಸುವ ಕೆಲಸ ಒಂದು ಕಡತದಲ್ಲಿ, ಸರಿಪಡಿಸುವ ಕೆಲಸ ಇನ್ನೊಂದು ಕಡತದಲ್ಲಿ ಇರಲಿ. ಎರಡೂ ಬೆರೆತರೆ ಯಾವ ಬದಲಾವಣೆಗೆ ಯಾರು ಒಪ್ಪಿದರು ಎಂದು ಆಮೇಲೆ ಹುಡುಕಲಾಗುವುದಿಲ್ಲ.

ಹರೀಶ್

ನಾನು ಡೆವಲಪರ್, ಕಾನೂನು ಗೊತ್ತಿಲ್ಲ. ಆದರೆ ಮೊದಲ ಹೆಜ್ಜೆ ಯಾರೂ ಹೇಳಲಿಲ್ಲ. ಆ ಕ್ಯಾಪಿಟಲ್ ನಿಜವಾಗಿ ಟೈಪ್ ಮಾಡಿದ್ದಾ, ಅಥವಾ ಬರೀ ಮೇಲ್ನೋಟದ ವಿನ್ಯಾಸವಾ ನೋಡಿ.

ವರ್ಡ್‌ನಲ್ಲಿ ಪ್ಯಾರಾ ಆಯ್ದುಕೊಂಡು `Ctrl+Shift+A` ಒತ್ತಿ. ಅದು ವಿನ್ಯಾಸದ ಕ್ಯಾಪಿಟಲ್ ಆಗಿದ್ದರೆ ಕಳಚಿಕೊಳ್ಳುತ್ತದೆ. ಒಳಗೆ ಮೊದಲು ಟೈಪ್ ಮಾಡಿದ ರೂಪ ಹಾಗೇ ಸಿಗುತ್ತದೆ. ವೆಬ್ ಪುಟದಲ್ಲಾದರೆ ಸ್ಟೈಲ್‌ನಲ್ಲಿ `text-transform: uppercase` ಇದೆಯಾ ನೋಡಿ. ಇದ್ದರೆ ಪುಟದ ಮೂಲ ಕೋಡ್‌ನಲ್ಲಿ ಮಾಮೂಲಿ ಅಕ್ಷರಗಳೇ ಇರುತ್ತವೆ. ಹೀಗೆ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಟೈಪ್ ಮಾಡಿದ್ದೇ ಆದರೆ `Shift+F3` ಒತ್ತಿ ಬದಲಿಸಬಹುದು.

ರಘುನಂದನ್

ಮೊದಲ ಹೆಜ್ಜೆ ಚೆನ್ನಾಗಿದೆ, ಅದನ್ನೇ ಮೊದಲು ಮಾಡಿ. ಮೂಲ ರೂಪ ಸಿಕ್ಕರೆ ಅದು ಚಿನ್ನ. ಆದರೆ `Shift+F3` ಒತ್ತಿ ಅಲ್ಲಿಗೇ ಬಿಡುವುದು ಅಪಾಯ. ಯಾಕೆಂದು ಬಿಡಿಸಿ ಹೇಳುತ್ತೇನೆ. ಈ ಕೆಲಸದಲ್ಲಿ ಅರ್ಥ ಜಾಸ್ತಿ ಕೆಡುವುದು ಇಲ್ಲೇ.

ಇಂಗ್ಲಿಷ್ ಒಪ್ಪಂದದಲ್ಲಿ ಪದದ ಮೊದಲ ಅಕ್ಷರ ಕ್ಯಾಪಿಟಲ್ ಇದ್ದರೆ, ಅದಕ್ಕೆ 1ನೇ ಸೆಕ್ಷನ್‌ನಲ್ಲಿ ಕೊಟ್ಟ ಅರ್ಥವೇ ಅರ್ಥ. ಸಣ್ಣ ಅಕ್ಷರದಲ್ಲಿದ್ದರೆ ಸಾಮಾನ್ಯ ಅರ್ಥ. ಇಡೀ ಪ್ಯಾರಾ ಕ್ಯಾಪಿಟಲ್ ಆದಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ. `FEES` ಎಂದಿದ್ದರೆ ಅದು `Fees` ಇರಬಹುದು, `fees` ಇರಬಹುದು. `Shift+F3` ಎಲ್ಲವನ್ನೂ ಸಣ್ಣದು ಮಾಡುತ್ತದೆ, ಇಲ್ಲವೇ ಪ್ರತಿ ವಾಕ್ಯದ ಅಥವಾ ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದು ಮಾಡುತ್ತದೆ. ಎಲ್ಲವೂ ತಪ್ಪು.

ಹಣದಲ್ಲಿ ನೋಡಿ. ವ್ಯಾಖ್ಯೆಯಲ್ಲಿ `Fees` ಎಂದರೆ ಚಂದಾ ಮೊತ್ತ ಮಾತ್ರ ಎಂದಿದೆ ಎಂದುಕೊಳ್ಳಿ. ಗ್ರಾಹಕರು ವರ್ಷಕ್ಕೆ 60,000 ಡಾಲರ್ ಚಂದಾ ಕಟ್ಟಿದ್ದಾರೆ. ಅದೇ ವರ್ಷ ಸಾಫ್ಟ್‌ವೇರ್ ಅಳವಡಿಸಿಕೊಡಲು 25,000 ಡಾಲರ್ ಕೊಟ್ಟಿದ್ದಾರೆ. ಎರಡನೇ ವಾಕ್ಯದಲ್ಲಿ `Fees` ಎಂದು ಬರೆದರೆ ಗರಿಷ್ಠ ಹೊಣೆ 60,000. `fees` ಎಂದು ಬರೆದರೆ 85,000 ಎಂದು ಗ್ರಾಹಕರ ವಕೀಲರು ವಾದಿಸುತ್ತಾರೆ. ಒಂದು ಅಕ್ಷರಕ್ಕೆ 25,000 ಡಾಲರ್.

ಆದ್ದರಿಂದ ಹೀಗೆ ಮಾಡಿ. ಒಪ್ಪಂದದಲ್ಲಿ ಎಲ್ಲೆಲ್ಲಿ ಪದಕ್ಕೆ ಅರ್ಥ ಕೊಟ್ಟಿದ್ದಾರೋ ಎಲ್ಲವನ್ನೂ ಪಟ್ಟಿ ಮಾಡಿ. 1ನೇ ಸೆಕ್ಷನ್ ಮಾತ್ರ ಸಾಲದು. ನಡುವೆ ಉದ್ಧರಣ ಚಿಹ್ನೆಯಲ್ಲಿ ಬರುವ ವ್ಯಾಖ್ಯೆಗಳನ್ನೂ ಹಿಡಿಯಿರಿ. ಆರ್ಡರ್ ಫಾರ್ಮ್‌ನಲ್ಲೂ ಕೆಲವು ಅಡಗಿರುತ್ತವೆ. ಆಮೇಲೆ 11ರಲ್ಲಿ ಆ ಪದಗಳು ಬಂದ ಪ್ರತಿ ಜಾಗವನ್ನೂ ಗುರುತಿಸಿ. ಪ್ರತಿಯೊಂದಕ್ಕೂ ವ್ಯಾಖ್ಯೆಯನ್ನು ಇಟ್ಟು ವಾಕ್ಯ ಓದಿ. ಹೆಚ್ಚಿನವು ತಕ್ಷಣ ತೀರ್ಮಾನವಾಗುತ್ತವೆ. ಒಂದೆರಡು ಆಗುವುದಿಲ್ಲ. ಅವನ್ನು ನೀವು ತೀರ್ಮಾನಿಸಬೇಡಿ, ಕೇಳಿ.

ಚಿಕ್ಕ ಪದಗಳ ಮೇಲೂ ಕಣ್ಣಿರಲಿ. ಕ್ಯಾಪಿಟಲ್‌ನಲ್ಲಿ `US` ಎಂಬುದು ನಾವೋ ಅಮೆರಿಕವೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಹರೀಶ್

ಇದು ಹೊಳೆದಿರಲಿಲ್ಲ. ಹಾಗಾದರೆ ಪದಗಳು ಮಾತ್ರ ಬದಲಾಗಿಲ್ಲ ಎಂದು ಪರೀಕ್ಷಿಸುವುದಾದರೂ ಯಂತ್ರಕ್ಕೆ ಬಿಡಿ. ಹಳೆಯದು ಹೊಸದು ಎರಡನ್ನೂ ಸಾದಾ ಪಠ್ಯವಾಗಿ ಉಳಿಸಿ, ಸಾಲಿಗೊಂದು ಪದ ಮಾಡಿ, ಅಕ್ಷರದ ದೊಡ್ಡದು ಚಿಕ್ಕದು ಲೆಕ್ಕಿಸದೆ ಹೋಲಿಸಿ.

```
tr -s '[:space:]' '\n' < old.txt > old.words
tr -s '[:space:]' '\n' < new.txt > new.words
diff -i old.words new.words
```

ಏನೂ ಬರದಿದ್ದರೆ ಪದಗಳು, ಅಲ್ಪವಿರಾಮಗಳು ಎಲ್ಲವೂ ಅದೇ ಕ್ರಮದಲ್ಲಿ ಇವೆ ಎಂದರ್ಥ. ಉಪವಿಭಾಗದ ಸಂಖ್ಯೆ ಸೇರಿಸಿದ್ದರೆ ಅವಷ್ಟೇ ಬರಬೇಕು. ವರ್ಡ್‌ನಲ್ಲೇ ಮಾಡುವುದಾದರೆ `Compare` ಕಿಟಕಿಯಲ್ಲಿ `Case changes` ಎಂಬ ಗುರುತು ತೆಗೆದು ಹೋಲಿಸಿ.

ಸುಧಾ

ನಾನು ಎದುರು ಬದಿಯವಳು. ಖರೀದಿ ವಿಭಾಗದಲ್ಲಿ ಇಂಥ ಒಪ್ಪಂದಗಳನ್ನು ತರಿಸಿಕೊಂಡು ಓದುವುದೇ ನನ್ನ ಕೆಲಸ. ಹರೀಶ್ ಹೇಳಿದ ಹೋಲಿಕೆಯನ್ನು ನಾವೂ ಮಾಡುತ್ತೇವೆ. ಆದರೆ ಅಕ್ಷರದ ವ್ಯತ್ಯಾಸವನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ. ಎರಡನೇ ಸಲ ಬರುವ ಪಟ್ಟಿಯಲ್ಲೇ `Fees` ಥರದ್ದು ಸಿಗುವುದು. ವಿನಯಾ ಅವರೂ ಆ ಎರಡನೇ ಪಟ್ಟಿಯನ್ನು ಪದಪದವಾಗಿ ನೋಡಬೇಕು.

ಇಂದಿರಾ

ಒಂದನೇ ವಾಕ್ಯವನ್ನು ಪಟ್ಟಿಯಾಗಿ ಒಡೆದು ನೋಡಿದೆ. ಅಷ್ಟುದ್ದದ ವಾಕ್ಯ ಹಾಗೇ ಬಿಟ್ಟರೆ ಸಣ್ಣ ಅಕ್ಷರವಾದರೂ ಯಾರೂ ಓದುವುದಿಲ್ಲ. ನನ್ನ ಕರಡಿನ ಸಾರ:

ಕಾನೂನು ಬಿಡುವಷ್ಟರ ಮಟ್ಟಿಗೆ, ಕಂಪನಿ ಮತ್ತು ಅದರ ಪೂರೈಕೆದಾರರು ಇವುಗಳಿಗೆ ಹೊಣೆಯಲ್ಲ:
- ಪರೋಕ್ಷ, ವಿಶೇಷ, ಪ್ರಾಸಂಗಿಕ ಅಥವಾ ಪರಿಣಾಮವಾಗಿ ಆಗುವ ನಷ್ಟ
- ಕೈತಪ್ಪಿದ ಲಾಭ
- ಕಳೆದುಹೋದ ಡೇಟಾ
- ವ್ಯವಹಾರ ನಿಂತುಹೋಗುವುದು, ಹೀಗಾಗಬಹುದು ಎಂದು ಮೊದಲೇ ತಿಳಿಸಿದ್ದರೂ

ಸುಧಾ

ಇಂದಿರಾ ಮೇಡಂ, ಇದು ನನ್ನ ಮೇಜಿಗೆ ಬಂದರೆ ನಾನು ಸಹಿಗೆ ಕಳಿಸುವುದಿಲ್ಲ. ನೋಡಲು ಚೆನ್ನಾಗಿದೆ, ಓದಲೂ ಸುಲಭ. ಆದರೆ ಷರತ್ತು ಬೇರೆಯಾಗಿಬಿಟ್ಟಿದೆ.

ಮೂಲದಲ್ಲಿ ಕೈತಪ್ಪಿದ ಲಾಭ ಬರುವುದು ಪರೋಕ್ಷ ನಷ್ಟಗಳ ಒಳಗೆ, ಸೇರಿದಂತೆ ಎಂಬ ಪದದ ನಂತರ. ಅಂದರೆ ಪರೋಕ್ಷ ನಷ್ಟವಾದಾಗ ಮಾತ್ರ ಆ ಲಾಭಕ್ಕೆ ಹೊಣೆಯಿಲ್ಲ. ನಿಮ್ಮ ಪಟ್ಟಿಯಲ್ಲಿ ಅದು ಬೇರೆ ಸಾಲಾಗಿ ನಿಂತಿದೆ. ಈಗ ನೇರ ನಷ್ಟವಾಗಿ ಬರುವ ಲಾಭವೂ ಹೋಯಿತು.

ಇಂದಿರಾ

ಕೈತಪ್ಪಿದ ಲಾಭ ಯಾವಾಗಲೂ ಪರೋಕ್ಷವೇ ಅಲ್ವಾ? ಹಾಗಿದ್ದರೆ ಒಳಗಿದ್ದರೇನು, ಹೊರಗಿದ್ದರೇನು?

ರಘುನಂದನ್

ಯಾವಾಗಲೂ ಅಲ್ಲ. ನ್ಯೂಯಾರ್ಕ್ ಕಾನೂನಿನಲ್ಲೇ ಇದಕ್ಕೆ ದೊಡ್ಡ ಪ್ರಕರಣವಿದೆ. 2014ರ ಬಯೋಟ್ರಾನಿಕ್ ಮತ್ತು ಕಾನರ್ ಮೆಡ್‌ಸಿಸ್ಟಮ್ಸ್ ನಡುವಿನದು. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್‌ಗಳನ್ನು ಮಾರುವ ವಿತರಣಾ ಒಪ್ಪಂದ. ತಯಾರಿಸುವ ಕಂಪನಿ ಸ್ಟೆಂಟನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ವಿತರಕ ಕಂಪನಿ ತನಗೆ ಕೈತಪ್ಪಿದ ಲಾಭ ಕೇಳಿತು. ಪರಿಣಾಮವಾಗಿ ಆಗುವ ನಷ್ಟಕ್ಕೆ ಹೊಣೆಯಿಲ್ಲ ಎಂಬ ಷರತ್ತು ಒಪ್ಪಂದದಲ್ಲಿತ್ತು. ಆದರೂ ರಾಜ್ಯದ ಅತ್ಯುನ್ನತ ಕೋರ್ಟು ವಿತರಕರ ಪರವಾಗಿ ನಿಂತಿತು. ಸ್ಟೆಂಟ್ ಕೊಂಡು ಮಾರಿ ಲಾಭ ಮಾಡುವುದೇ ಆ ಒಪ್ಪಂದದ ತಿರುಳು. ಹಾಗಾಗಿ ಆ ಲಾಭ ನೇರ ನಷ್ಟವೇ, ಷರತ್ತು ಅದನ್ನು ತಡೆಯುವುದಿಲ್ಲ ಎಂದಿತು. ನ್ಯಾಯಾಧೀಶರಲ್ಲೇ ಒಮ್ಮತ ಇರಲಿಲ್ಲ. ಅಷ್ಟು ಬಿಗಿಯಾದ ಪ್ರಶ್ನೆ ಇದು.

ವಿನಯಾ ಅವರ ಕಂಪನಿಯ ಸಾಫ್ಟ್‌ವೇರನ್ನು ಮರುಮಾರಾಟ ಮಾಡುವ ಗ್ರಾಹಕರಿದ್ದಾರೆ ಎಂದುಕೊಳ್ಳಿ. ಮೂಲ ಷರತ್ತಿನಲ್ಲಿ ಅವರು ಬಯೋಟ್ರಾನಿಕ್ ಹಿಡಿದು ವಾದಿಸಬಹುದು. ಪಟ್ಟಿಯ ರೂಪದಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಒಂದು ಪದ ಬಿಟ್ಟು, ಸಾಲು ಮುರಿದು ಹಕ್ಕನ್ನೇ ಕಿತ್ತುಕೊಂಡ ಹಾಗಾಯಿತು. ಸೇರಿದಂತೆ ಎಂಬ ಪದ ಕೈಬಿಟ್ಟಿದ್ದು ಹರೀಶ್ ಅವರ ಹೋಲಿಕೆಯಲ್ಲಿ ಸಿಗುತ್ತದೆ. ಆದರೆ ಆ ಪದ ಉಳಿಸಿಕೊಂಡು ಸಾಲು ಮಾತ್ರ ತಪ್ಪು ಜಾಗದಲ್ಲಿ ಮುರಿದರೆ ಯಾವ ಯಂತ್ರವೂ ಹಿಡಿಯುವುದಿಲ್ಲ.

ಕೊನೆಯ ತುಣುಕನ್ನೂ ನೋಡಿ. ಮೊದಲೇ ತಿಳಿಸಿದ್ದರೂ ಎಂಬುದು ಮೂಲದಲ್ಲಿ ಎಲ್ಲಾ ನಷ್ಟಕ್ಕೂ ತಗಲುತ್ತದೆ. ಪಟ್ಟಿಯ ಕೊನೆಯ ಸಾಲಿಗೆ ಅಂಟಿಸಿದರೆ ವ್ಯವಹಾರ ನಿಲ್ಲುವುದಕ್ಕೆ ಮಾತ್ರ ಎಂದು ಓದಬಹುದು.

ಇಂದಿರಾ

ಈಗ ತಿಳಿಯಿತು. ಹಾಗಾದರೆ ಪಟ್ಟಿಯನ್ನು ಎರಡು ಹಂತದಲ್ಲಿ ಮಾಡುತ್ತೇನೆ. ಹೊರಗಿನ ಹಂತದಲ್ಲಿ ನಾಲ್ಕು ಬಗೆಯ ನಷ್ಟ. ಅದರ ಒಳಗೆ, ಇನ್ನಷ್ಟು ಬಲಕ್ಕೆ ಸರಿಸಿ, ಸೇರಿದಂತೆ ಎಂದು ಶುರುವಾಗುವ ಮೂರು ಸಾಲು. ಆಮೇಲೆ ಪಟ್ಟಿ ಮುಗಿಸಿ ಮತ್ತೆ ಎಡ ಅಂಚಿಗೆ ಬಂದು, ಮೊದಲೇ ತಿಳಿಸಿದ್ದರೂ ಎಂಬ ತುಣುಕು. ಇದು ಸರಿಯೇ?

ರಘುನಂದನ್

ಹೆಚ್ಚು ಕಡಿಮೆ ಸರಿ. ಒಂದೇ ತಕರಾರು. ಆ ಮೂರು ಉದಾಹರಣೆಗಳು ಮೂಲದಲ್ಲಿ ನಾಲ್ಕೂ ಬಗೆಗೆ ಸೇರಿದ್ದೋ, ಕೊನೆಯ ಬಗೆಗೆ ಮಾತ್ರವೋ ಎಂಬುದು ಸ್ಪಷ್ಟವಿಲ್ಲ. ನಾಲ್ಕನೆಯ ಸಾಲಿನ ಒಳಗೆ ಇಟ್ಟರೆ ಒಂದು ತೀರ್ಮಾನ, ನಾಲ್ಕರ ಕೆಳಗೆ ಎಡಕ್ಕೆ ಇಟ್ಟರೆ ಇನ್ನೊಂದು ತೀರ್ಮಾನ. ನಾನಾದರೆ ಈ ವಾಕ್ಯವನ್ನು ಪಟ್ಟಿಯೇ ಮಾಡುವುದಿಲ್ಲ. ಸಣ್ಣ ಅಕ್ಷರ ಮಾಡಿ, ಅದಕ್ಕೆ ಒಂದು ಉಪವಿಭಾಗ ಕೊಟ್ಟು, ಸಾಲಿನ ಉದ್ದ ಕಡಿಮೆ ಮಾಡಿ ಬಿಡುತ್ತೇನೆ.

ಇಂದಿರಾ

ಅದನ್ನು ನಾನು ಪೂರ್ತಿ ಒಪ್ಪಲಾರೆ. ಹಾಗೆ ಬಿಟ್ಟರೆ ಗ್ರಾಹಕರಿಗೆ ಮತ್ತೆ ಅದೇ ಗೋಡೆ. ಮೂರನೇ ವಾಕ್ಯವನ್ನಾದರೂ ಪಟ್ಟಿ ಮಾಡಲು ಬಿಡಿ. ನಷ್ಟಭರ್ತಿ, ಗೋಪ್ಯತೆ, ಕೊಡಬೇಕಾದ ಹಣ, ಮೂರೂ ಸಮಾನ. ಯಾವುದರ ಒಳಗೂ ಯಾವುದೂ ಇಲ್ಲ.

ರಘುನಂದನ್

ಮೂರನೆಯದು ಧಾರಾಳವಾಗಿ ಪಟ್ಟಿ ಮಾಡಿ. ಗ್ರಾಹಕರು ಮೊದಲು ಹುಡುಕುವುದೂ ಅದನ್ನೇ.

ಸುಧಾ

ಆ ಮೂರನೇ ವಾಕ್ಯದಲ್ಲೇ ಇನ್ನೊಂದು ಸಂಗತಿ. ಅದು ಮೇಲಿನ ಮಿತಿಗಳು ಎನ್ನುತ್ತದೆ. ಒಂದೇ ಪ್ಯಾರಾದಲ್ಲಿದ್ದಾಗ ಮೇಲಿನವು ಎಂದರೆ ಒಂದು ಮತ್ತು ಎರಡನೇ ವಾಕ್ಯ. 11.1, 11.2, 11.3 ಎಂದು ಒಡೆದಾಗ, ಸ್ಪಷ್ಟವಾಗಲಿ ಎಂದು ಯಾರಾದರೂ 11.2 ಎಂದು ಮಾತ್ರ ಬರೆದರೆ, ಗೋಪ್ಯತೆ ಮುರಿದಾಗ ಮೊತ್ತದ ಮಿತಿ ಹೋಗುತ್ತದೆ, ಆದರೆ ಪರೋಕ್ಷ ನಷ್ಟ ಸಿಗುವುದಿಲ್ಲ. ಗೋಪ್ಯತೆ ಮುರಿದಾಗ ಆಗುವ ನಷ್ಟ ಬಹುಪಾಲು ಪರೋಕ್ಷವೇ ಎಂದು ಎದುರು ಕಡೆಯವರು ವಾದಿಸುತ್ತಾರೆ. ಆಗ ನಮಗೆ ಕೊಟ್ಟ ವಿನಾಯಿತಿ ಕಾಗದದ ಮೇಲೆ ಮಾತ್ರ. 11.1 ಮತ್ತು 11.2 ಎಂದು ಎರಡನ್ನೂ ಬರೆಯಿರಿ, ಇಲ್ಲವೇ ಮೂಲದ ಪದವನ್ನೇ ಬಿಡಿ.

ಕಾನೂನು ಬಿಡುವಷ್ಟರ ಮಟ್ಟಿಗೆ ಎಂಬ ತುಣುಕಿನದೂ ಇದೇ ಕಥೆ. ಅದು ಒಂದನೇ ವಾಕ್ಯಕ್ಕೆ ಮಾತ್ರ ಇದೆ. ಚೆಂದ ಕಾಣಲಿ ಎಂದು ಸೆಕ್ಷನ್‌ನ ತಲೆಗೆ ಏರಿಸಬೇಡಿ. ಬೇರೆ ಸೆಕ್ಷನ್‌ಗಳು 11ನ್ನು ಉಲ್ಲೇಖಿಸುವ ಜಾಗಗಳನ್ನೂ ಹುಡುಕಿ. ಉಪವಿಭಾಗ ಮಾಡಿದ ಮೇಲೂ ಅವು ಇಡೀ 11 ಎಂದೇ ಉಳಿಯಬೇಕು.

ವಿನಯಾ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಮಾಡಿ ನೋಡಿದೆ. ನಮ್ಮ ಕಡತದಲ್ಲಿ ಕ್ಯಾಪಿಟಲ್ ಟೈಪ್ ಮಾಡಿದ್ದೇ, ವಿನ್ಯಾಸವಲ್ಲ. ಹಾಗಾಗಿ ವ್ಯಾಖ್ಯೆಗಳ ಪಟ್ಟಿ ಹಿಡಿದು ಪದಪದವಾಗಿ ಹೋದೆ.

ಈಗಿನ ರೂಪ ಹೀಗಿದೆ. ಶೀರ್ಷಿಕೆ ದಪ್ಪಕ್ಷರ, ಎಡಕ್ಕೆ ಗೆರೆ, ಪಠ್ಯ ಒಂದು ಪಾಯಿಂಟ್ ದೊಡ್ಡದು. 11.1ರಲ್ಲಿ ಮೊದಲ ವಾಕ್ಯ ಒಡೆಯದೆ ಹಾಗೇ ಇದೆ. 11.2 ಮೊತ್ತದ ಮಿತಿ. 11.3ರಲ್ಲಿ ಮೂರು ಸಾಲಿನ ಪಟ್ಟಿ. 11.4 ಕೊನೆಯ ವಾಕ್ಯ. ಅಕ್ಷರ ಲೆಕ್ಕಿಸದ ಹೋಲಿಕೆಯಲ್ಲಿ ಬಂದದ್ದು ಸಂಖ್ಯೆಗಳು, ಪಟ್ಟಿಯ ಗುರುತುಗಳು, ಮತ್ತು ಮೇಲಿನ ಎಂಬುದರ ಬದಲು 11.1 ಮತ್ತು 11.2 ಎಂದಾದದ್ದು, ಇಷ್ಟೇ.

ಎರಡು ಪದ ತೀರ್ಮಾನವಾಗಲಿಲ್ಲ. ಒಂದು `FEES`, ರಘುನಂದನ್ ಸರ್ ಹೇಳಿದ ಹಾಗೇ. ನಮ್ಮ ವ್ಯಾಖ್ಯೆಯಲ್ಲೂ ಅದು ಚಂದಾ ಮಾತ್ರ. ಇನ್ನೊಂದು `SUPPLIERS`. ಅದಕ್ಕೆ ವ್ಯಾಖ್ಯೆಯೇ ಇಲ್ಲ, ಆದರೆ ಬೇರೆ ಸೆಕ್ಷನ್ ಒಂದರಲ್ಲಿ `Suppliers` ಎಂದು ದೊಡ್ಡ ಅಕ್ಷರದಲ್ಲಿ ಬಂದಿದೆ. ಎರಡನ್ನೂ ಕಾನೂನು ವಿಭಾಗಕ್ಕೆ ಕಳಿಸಿದ್ದೇನೆ.

ಪ್ರಸಾದ್ ಜಿ.

ಕೋಡಿನ ವಿಷಯ ತಿಳಿಯಿತು, ಒಪ್ಪಿದೆ. ಆದರೆ ಈಗಾಗಲೇ ಸಹಿಯಾದ ಒಪ್ಪಂದಗಳನ್ನು ಏನು ಮಾಡುತ್ತೀರಿ? ಹಳೆಯ ಗ್ರಾಹಕರ ಕೈಯಲ್ಲಿ ಕ್ಯಾಪಿಟಲ್ ಇರುವುದು, ಹೊಸಬರ ಕೈಯಲ್ಲಿ ಇದು. ನಾಳೆ ಜಗಳವಾದರೆ, ನೋಡಿ ಇವರೇ ಬದಲಿಸಿದ್ದಾರೆ, ಅಂದರೆ ಹಳೆಯದರ ಅರ್ಥ ಬೇರೆ ಇತ್ತು ಎನ್ನುವುದಿಲ್ಲವೇ?

ರಘುನಂದನ್

ಎನ್ನುತ್ತಾರೆ. ಇದು ಗಟ್ಟಿ ಪ್ರಶ್ನೆ. ಸಹಿಯಾದದ್ದನ್ನು ಮುಟ್ಟಬೇಡಿ. ನವೀಕರಣ ಬಂದಾಗ ಮಾತ್ರ ಹೊಸ ರೂಪ ಕೊಡಿ. ಆಗ, 11ನೇ ಸೆಕ್ಷನ್‌ನ ಬದಲಾವಣೆ ರೂಪಕ್ಕೆ ಮಾತ್ರ, ಹಕ್ಕು ಹೊಣೆಗಳನ್ನು ಬದಲಿಸುವ ಉದ್ದೇಶವಿಲ್ಲ ಎಂದು ನವೀಕರಣದ ಪತ್ರದ ಒಳಗೇ ಒಂದು ವಾಕ್ಯ ಬರೆಯಿರಿ. ಜೊತೆಗೆ ಕಳಿಸುವ ಇಮೇಲ್‌ನಲ್ಲಿ ಬರೆದರೆ ಸಾಲದು. ಒಪ್ಪಂದದ ಹೊರಗಿನ ಮಾತು ಲೆಕ್ಕಕ್ಕಿಲ್ಲ ಎಂಬ ಸಾಲು ಹೆಚ್ಚಿನ ಒಪ್ಪಂದಗಳಲ್ಲಿ ಇದ್ದೇ ಇರುತ್ತದೆ.

10ನೇ ಸೆಕ್ಷನ್‌ನಲ್ಲಿ ವಾರಂಟಿ ಕೈಬಿಡುವ ಪ್ಯಾರಾ ಇದ್ದರೆ ಅದಕ್ಕೆ ಇನ್ನೂ ಹೆಚ್ಚು ಕಾಳಜಿ ಬೇಕು. ಅಲ್ಲಿ ಎದ್ದು ಕಾಣುವುದು ಕಾನೂನಿನ ಬೇಡಿಕೆಯೇ. ಮರ್ಚೆಂಟಬಿಲಿಟಿ ಎಂಬ ಪದ ಕಷ್ಟವೆಂದು ತೆಗೆದು ಸುಲಭ ಪದ ಹಾಕಲು ಹೋಗಬೇಡಿ. ಆ ವಾರಂಟಿಯನ್ನು ಹೆಸರಿಸಿ ಕೈಬಿಡುವಾಗ ಆ ಪದವೇ ಇರಬೇಕು ಎಂದು 2-316 ಹೇಳುತ್ತದೆ.

ಸುಧಾ

`FEES` ಬಗ್ಗೆ ನನ್ನ ಮಾತು. ಹಳೆಯ ಗ್ರಾಹಕರ ನವೀಕರಣದಲ್ಲಿ ಅದನ್ನು `Fees` ಎಂದು ಮಾಡಿ, ರೂಪ ಮಾತ್ರ ಬದಲಾಗಿದೆ ಎಂದು ಕಳಿಸಿದರೆ ನಾನು ಒಪ್ಪುವುದಿಲ್ಲ. ಎರಡು ಅರ್ಥ ಇದ್ದ ಕಡೆ ಒಂದನ್ನು ಆರಿಸಿದ ಮೇಲೆ ಅದು ರೂಪದ ಬದಲಾವಣೆಯಲ್ಲ.

ರಘುನಂದನ್

ವ್ಯಾಖ್ಯೆ ಇರುವ ಪದ ವ್ಯಾಖ್ಯೆಗೆ ಹೊಂದುವ ಜಾಗದಲ್ಲಿ ಬಂದರೆ ಅದು ವ್ಯಾಖ್ಯೆಯ ಪದವೇ ಎಂದು ಓದುವುದು ಸಹಜ ಎನ್ನುವುದು ನನ್ನ ನಿಲುವು. ಕೋರ್ಟು ಹಾಗೆ ಓದುವ ಸಾಧ್ಯತೆಯೇ ಹೆಚ್ಚು. ಆದರೆ ಸುಧಾ ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ವಿನಯಾ

ಕಾನೂನು ವಿಭಾಗದವರು ಸದ್ಯಕ್ಕೆ ಹೇಳಿದ್ದು ಇಷ್ಟು. ಹೊಸ ಗ್ರಾಹಕರಿಗೆ `Fees`. ನವೀಕರಣಗಳಲ್ಲಿ ಆ ಒಂದು ಪದವನ್ನು ಕ್ಯಾಪಿಟಲ್‌ನಲ್ಲೇ ಬಿಟ್ಟು, ಗ್ರಾಹಕರ ಜೊತೆ ಬೇರೆಯಾಗಿ ಮಾತಾಡುತ್ತಾರಂತೆ. ಸಣ್ಣ ಅಕ್ಷರದ ನಡುವೆ ಅದೊಂದೇ ದೊಡ್ಡದಾಗಿ ನಿಲ್ಲುವುದು ವಿಚಿತ್ರ ಕಾಣುತ್ತದೆ ಎಂದು ಇಂದಿರಾ ಮೇಡಂ ಬೈಯಬಹುದು. `SUPPLIERS` ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಇಂದಿರಾ

ಬೈಯುವುದಿಲ್ಲ. ವಿಚಿತ್ರವಾಗಿ ಕಂಡರೆ ಗ್ರಾಹಕರು ಅದೇನೆಂದು ಕೇಳುತ್ತಾರೆ, ಕೇಳಲಿ. 11.1ನ್ನು ಒಡೆಯದೆ ಬಿಟ್ಟದ್ದೇ ನನಗಿನ್ನೂ ಒಪ್ಪಿಗೆಯಿಲ್ಲ. ಆ ಉದಾಹರಣೆಗಳು ಯಾವ ಬಗೆಗೆ ಸೇರಿದ್ದು ಎಂದು ನಿಮ್ಮ ಕಾನೂನು ವಿಭಾಗದವರನ್ನೇ ಕೇಳಿ. ಉತ್ತರ ಬಂದರೆ ಅದನ್ನೂ ಪಟ್ಟಿ ಮಾಡಿಕೊಡುತ್ತೇನೆ.